ಬಾಲ್ಕನಿಯ ಚಾವಣಿಗೆ ರಾಟೆಯ ಬಟ್ಟೆ ಹ್ಯಾಂಗರ್ ಅಳವಡಿಸುವುದು: ಭಾರದ ಲೆಕ್ಕ, ಆ್ಯಂಕರ್ ಆಯ್ಕೆ ಮತ್ತು ಕೆಲಸದ ಕ್ರಮ

ನಮ್ಮ ಮನೆಯ ಬಾಲ್ಕನಿಯಲ್ಲಿ ಮೊದಲ ಬಾರಿ ಹಾಕಿಸಿದ್ದ ರಾಟೆಯ ಹ್ಯಾಂಗರ್ ನಾಲ್ಕನೆಯ ತಿಂಗಳಲ್ಲಿ ಒಂದು ಬದಿಯಿಂದ ಕಿತ್ತುಕೊಂಡು ಬಂತು. ಬಟ್ಟೆಯ ಭಾರ ಆ ದಿನ ಹೆಚ್ಚೇನೂ ಇರಲಿಲ್ಲ. ಕೆಳಗೆ ಬಿದ್ದ ಬ್ರಾಕೆಟ್ಟನ್ನು ಕೈಗೆತ್ತಿಕೊಂಡು ನೋಡಿದಾಗ ಸ್ಕ್ರೂಗಳ ಜೊತೆಯಲ್ಲೇ ಪ್ಲಾಸ್ಟಿಕ್ ಪ್ಲಗ್‌ಗಳೂ ಇಡಿಯಾಗಿ ಹೊರಬಂದಿದ್ದವು. ಅವುಗಳ ಮೈಗೆ ಅಂಟಿದ್ದದ್ದು ಮರಳು ಮರಳಾದ ಗಾರೆಯ ಪುಡಿ ಮಾತ್ರ. ಕಾಂಕ್ರೀಟಿನ ಬೂದು ಬಣ್ಣದ ಪುಡಿ ಪ್ಲಗ್ಗಿನ ತುದಿಯಲ್ಲಿ ಒಂದಿಷ್ಟು ಕಂಡಿತಷ್ಟೆ. ಇನ್ನೊಂದು ಸಂಗತಿ ಆಗ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು: ಕಿತ್ತು ಬಂದದ್ದು ಹಗ್ಗಗಳು ಕೆಳಗಿಳಿಯುವ ಬದಿಯ ಬ್ರಾಕೆಟ್, ಆಚೆ ಬದಿಯದು ಅಲುಗಾಡಿಯೂ ಇರಲಿಲ್ಲ. ಹಾಗಾಗಿದ್ದು ಆಕಸ್ಮಿಕವಲ್ಲ. ಈ ಹ್ಯಾಂಗರಿನ ಎರಡು ಬ್ರಾಕೆಟ್‌ಗಳು ನೋಡಲು ಒಂದೇ ತೆರನಾಗಿದ್ದರೂ ಹೊರುವ ಭಾರ ಒಂದೇ ಅಲ್ಲ, ಮತ್ತು ಈ ಒಂದು ವಿಷಯ ತಿಳಿದಿದ್ದರೆ ಬ್ರಾಕೆಟ್ಟನ್ನು ಚಾವಣಿಗೆ ಹಿಡಿಸುವ ಆ್ಯಂಕರಿನ ಆಯ್ಕೆಯಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಎಲ್ಲ ತೀರ್ಮಾನಗಳೂ ಸುಲಭವಾಗುತ್ತವೆ.

ಇಲ್ಲಿ ವಿವರಿಸುತ್ತಿರುವುದು ಸಾಮಾನ್ಯವಾಗಿ ಸಿಗುವ ಆರು ಕೊಳವೆಗಳ ಮಾದರಿಯನ್ನು. ಚಾವಣಿಗೆ ಎರಡು ಬ್ರಾಕೆಟ್ ಪಟ್ಟಿಗಳಿರುತ್ತವೆ. ಪ್ರತಿ ಕೊಳವೆಯ ಎರಡು ತುದಿಗಳಿಂದ ಎರಡು ಹಗ್ಗಗಳು ಮೇಲೇರಿ, ರಾಟೆಗಳ ಮೇಲೆ ಹಾದು, ಒಂದೇ ಬದಿಯಿಂದ ಗೋಡೆಯ ಕೊಕ್ಕೆಗೆ ಇಳಿಯುತ್ತವೆ. ಚಾವಣಿ ಗಟ್ಟಿ ಕಾಂಕ್ರೀಟ್ ಸ್ಲ್ಯಾಬ್ ಆಗಿದ್ದು, ಅದರ ಕೆಳಮೈಗೆ ಸಿಮೆಂಟ್ ಗಾರೆಯ ಲೇಪನವಿದೆ ಎಂದು ಭಾವಿಸಿದ್ದೇನೆ.

ಭಾರ ಎಲ್ಲಿ ಬೀಳುತ್ತದೆ

ಮೊದಲು ಬಟ್ಟೆಯ ತೂಕ ನೋಡೋಣ. ಒಣಗಿರುವಾಗ 6 ಕಿಲೋ ತೂಗುವ ಹತ್ತಿಬಟ್ಟೆಗಳನ್ನು ಯಂತ್ರದಲ್ಲಿ ಚೆನ್ನಾಗಿ ಸ್ಪಿನ್ ಮಾಡಿದರೆ ಸುಮಾರು 9 ಕಿಲೋ ಆಗುತ್ತವೆ. ಕೈಯಲ್ಲಿ ಹಿಂಡಿದ್ದಾದರೆ ಬಟ್ಟೆ ತನ್ನಷ್ಟೇ ತೂಕದ ನೀರನ್ನು ಉಳಿಸಿಕೊಂಡಿರುತ್ತದೆ, ಅಂದರೆ 12 ಕಿಲೋ. ಯಂತ್ರ ಕೆಟ್ಟ ದಿನವೂ ಹ್ಯಾಂಗರ್ ನಿಲ್ಲಬೇಕಾದ್ದರಿಂದ 12 ಕಿಲೋವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಆರು ಕೊಳವೆಗಳಿಗೆ 3 ಕಿಲೋ ಸೇರಿಸಿದರೆ ತೂಗುವ ಒಟ್ಟು ಭಾರ 15 ಕಿಲೋ.

ಇದರಲ್ಲಿ ಅರ್ಧ ಆಚೆ ಬದಿಗೆ, ಅರ್ಧ ಹಗ್ಗಗಳು ಕೊಕ್ಕೆಗೆ ಇಳಿಯುವ ಈಚೆ ಬದಿಗೆ ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಹಗ್ಗದ ದಾರಿಯನ್ನು ಬೆರಳಲ್ಲಿ ಹಿಡಿದು ಹೋಗಿ ನೋಡಿ. ಆಚೆ ಬದಿಯ ಹಗ್ಗ ಕೊಳವೆಯಿಂದ ನೇರ ಮೇಲೇರಿ, ಆಚೆಯ ರಾಟೆಯಲ್ಲಿ ತಿರುಗಿ, ಚಾವಣಿಗೆ ಸಮಾನಾಂತರವಾಗಿ ಈಚೆ ಬರುತ್ತದೆ. ಆದ್ದರಿಂದ ಆಚೆ ಬ್ರಾಕೆಟ್ಟನ್ನು ಕೆಳಗೆ ಎಳೆಯುವುದು ಅರ್ಧ ಭಾರ ಮಾತ್ರ, 7.5 ಕಿಲೋ. ಅಷ್ಟೇ ಬಲ ಅದನ್ನು ಅಡ್ಡಲಾಗಿ ಈಚೆ ಬದಿಗೂ ಎಳೆಯುತ್ತದೆ. ಈಚೆ ಬ್ರಾಕೆಟ್ಟಿನಲ್ಲಿ ಮೂರು ಎಳೆತಗಳು ಕೂಡುತ್ತವೆ. ತನ್ನ ಬದಿಯ ಕೊಳವೆ ತುದಿಗಳ ಭಾರ 7.5, ಅದೇ ಹಗ್ಗ ರಾಟೆಯ ಇನ್ನೊಂದು ಬದಿಯಿಂದ ಗೋಡೆಯ ಕೊಕ್ಕೆಗೆ ಇಳಿಯುವಾಗಿನ ಎಳೆತ 7.5, ಆಚೆಯಿಂದ ಬಂದ ಹಗ್ಗ ಇಲ್ಲಿ ತಿರುಗಿ ಕೆಳಗಿಳಿಯುವಾಗಿನ ಎಳೆತ ಇನ್ನೊಂದು 7.5. ಒಟ್ಟು 22.5 ಕಿಲೋ. ಹೀಗೆ ಈಚೆ ಬ್ರಾಕೆಟ್ ಆಚೆಯದರ ಮೂರು ಪಟ್ಟು ಹೊರುತ್ತದೆ, ಮತ್ತು ಎರಡೂ ಸೇರಿ ಚಾವಣಿಯ ಮೇಲೆ ಬೀಳುವುದು 15 ಅಲ್ಲ, 30 ಕಿಲೋ. ಬಾವಿಯ ರಾಟೆಯಲ್ಲಿ ಕೊಡ ಎಳೆಯುವಾಗ ತೊಲೆಯ ಮೇಲೆ ಕೊಡದ ಭಾರವೂ ಎಳೆಯುವವರ ಬಲವೂ ಎರಡೂ ಬೀಳುತ್ತವಲ್ಲ, ಇದೂ ಅದೇ ಲೆಕ್ಕ.

ಇದು ಹ್ಯಾಂಗರ್ ಸುಮ್ಮನೆ ತೂಗುತ್ತಿರುವಾಗಿನ ಮಾತು. ಕೈಜಾರಿ ಹಗ್ಗ ಬಿಟ್ಟು ಕೊಳವೆ ಒಂದಡಿ ಕೆಳಗೆ ಬಿದ್ದು ಥಟ್ಟನೆ ನಿಂತರೆ, ಅಥವಾ ಸಿಕ್ಕಿಕೊಂಡ ಹಗ್ಗವನ್ನು ಯಾರಾದರೂ ಜಗ್ಗಿ ಎಳೆದರೆ ಆ ಕ್ಷಣದ ಬಲ ಇದರ ಎರಡು ಮೂರು ಪಟ್ಟು ಸುಲಭವಾಗಿ ಆಗುತ್ತದೆ. ಆದ್ದರಿಂದ ನಾನು ಪಾಲಿಸುವ ನಿಯಮ ಹೀಗಿದೆ: ಈಚೆ ಬ್ರಾಕೆಟ್ಟಿನ ಒಂದೇ ಆ್ಯಂಕರ್ ಒಬ್ಬಂಟಿಯಾಗಿ ಆ ಬ್ರಾಕೆಟ್ಟಿನ ಪೂರ್ತಿ ಭಾರದ ನಾಲ್ಕು ಪಟ್ಟನ್ನು, ಅಂದರೆ ಇಲ್ಲಿ 90 ಕಿಲೋವನ್ನು, ಸುರಕ್ಷಿತವಾಗಿ ತಡೆಯಬೇಕು. ಎರಡನೆಯ ಆ್ಯಂಕರ್ ಇರುವುದು ಮೊದಲನೆಯದು ಸೋತರೆ ಹಿಡಿದುಕೊಳ್ಳಲು.

ಚಾವಣಿಯನ್ನು ಓದುವುದು

ಡ್ರಿಲ್ ಹಿಡಿಯುವ ಮೊದಲು ಏಣಿ ಹತ್ತಿ ಚಾವಣಿಯನ್ನು ಹತ್ತಿರದಿಂದ ನೋಡಬೇಕು. ತುಕ್ಕಿನ ಕಂದು ಕಲೆ, ಸರಳಿನ ದಾರಿಯಲ್ಲೇ ಸಾಗುವ ಉದ್ದನೆಯ ಬಿರುಕು, ಉಬ್ಬಿ ನಿಂತ ಗಾರೆ ಇವುಗಳಲ್ಲಿ ಯಾವುದೇ ಒಂದು ಕಂಡರೂ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಎಂದು ಅನುಮಾನಿಸಬೇಕು. ಅಂಥ ಜಾಗದಲ್ಲಿ ಎಷ್ಟೇ ಒಳ್ಳೆಯ ಆ್ಯಂಕರ್ ಹಾಕಿದರೂ ಅದು ಹಿಡಿದಿರುವ ಕಾಂಕ್ರೀಟೇ ಚಕ್ಕೆಯಾಗಿ ಕಳಚಬಹುದು. ಮೊದಲು ದುರಸ್ತಿಯಾಗಬೇಕು, ಹ್ಯಾಂಗರ್ ಆಮೇಲೆ. ಮೇಲಿಂದ ನೀರು ಜಿನುಗಿದ ಗುರುತಿದ್ದರೂ ಇದೇ ಮಾತು.

ಮುಂದಿನದು ಬಡಿದು ಕೇಳುವ ಕೆಲಸ. ಸ್ಕ್ರೂಡ್ರೈವರಿನ ಹಿಡಿಯಿಂದ ಬ್ರಾಕೆಟ್ ಬರುವ ಜಾಗವನ್ನೆಲ್ಲ ಒಂದೊಂದು ಗೇಣಿಗೆ ಬಡಿದರೆ, ಗಾರೆ ಕಾಂಕ್ರೀಟಿಗೆ ಅಂಟಿಕೊಂಡಿರುವಲ್ಲಿ ಗಟ್ಟಿಯಾದ, ಮೊಟಕಾದ ಸದ್ದು ಬರುತ್ತದೆ. ಬಿಟ್ಟುಕೊಂಡಿರುವಲ್ಲಿ ಖಾಲಿ ಡಬ್ಬಿಯಂಥ ಪೊಳ್ಳು ಸದ್ದು. ಪೊಳ್ಳಾದ ಗಾರೆಯನ್ನು ಉಳಿಯಿಂದ ಕಿತ್ತು ತೆಗೆಯಬೇಕು, ಅದರ ಮೇಲೆ ಬ್ರಾಕೆಟ್ ಕೂರಿಸಬಾರದು.

ಕೆಲವು ಚಾವಣಿಗಳಲ್ಲಿ ಈ ಕೆಲಸಕ್ಕೆ ನೇರವಾಗಿ ಕೈಹಾಕಬಾರದು. ಜಿಪ್ಸಮ್ ಅಥವಾ ಪಿವಿಸಿ ಫಾಲ್ಸ್ ಸೀಲಿಂಗ್ ತನ್ನ ಭಾರವನ್ನಷ್ಟೇ ಹೊರುವಂಥದು. ಆ್ಯಂಕರ್ ಅದನ್ನು ದಾಟಿ ಮೇಲಿನ ಸ್ಲ್ಯಾಬನ್ನೇ ಹಿಡಿಯಬೇಕು. ಟೊಳ್ಳು ಇಟ್ಟಿಗೆ ಅಥವಾ ಹೆಂಚು ತುಂಬಿಸಿ ಎರಕ ಹೊಯ್ದ ಚಾವಣಿಯಲ್ಲಿ ನಡುವಿನ ಕಾಂಕ್ರೀಟ್ ಪಟ್ಟಿಗಳಿಗೆ ಮಾತ್ರ ಹಿಡಿತ ಸಿಗುತ್ತದೆ. ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುವ ಪೋಸ್ಟ್-ಟೆನ್ಷನ್ಡ್ ಸ್ಲ್ಯಾಬ್ ಆದರೆ, ಕೇಬಲ್‌ಗಳ ನಕ್ಷೆ ಕೈಯಲ್ಲಿಲ್ಲದೆ ಒಂದು ರಂಧ್ರವನ್ನೂ ಕೊರೆಯಬಾರದು. ಹೊಸ ಬಹುಮಹಡಿ ಕಟ್ಟಡದಲ್ಲಿದ್ದರೆ ಕಟ್ಟಡದ ನಿರ್ವಹಣೆಯವರನ್ನು ಇದೊಂದನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ವಿದ್ಯುತ್ ಕೊಳವೆಯನ್ನೂ ಮರೆಯುವಂತಿಲ್ಲ. ಬಾಲ್ಕನಿಯ ದೀಪಕ್ಕೆ ಹೋಗುವ ತಂತಿ ಸ್ಲ್ಯಾಬಿನೊಳಗಿನ ಕೊಳವೆಯಲ್ಲಿರುತ್ತದೆ. ದೀಪದ ಪೆಟ್ಟಿಗೆಯಿಂದ ಸ್ವಿಚ್ಚಿನ ಗೋಡೆಯ ಕಡೆಗೆ ಅದು ಸಾಮಾನ್ಯವಾಗಿ ಹತ್ತಿರದ ದಾರಿ ಹಿಡಿದರೂ ಅದನ್ನೇ ನಂಬಿ ಕೂರಲಾಗದು. ಲೋಹ ಮತ್ತು ತಂತಿ ಪತ್ತೆಮಾಡುವ ಸಾಧನ ಸಿಕ್ಕರೆ ಒಮ್ಮೆ ಆಡಿಸಿ ನೋಡಿ, ಕೊರೆಯುವಾಗ ಆ ಸರ್ಕ್ಯೂಟಿನ ಎಂಸಿಬಿಯನ್ನು ಇಳಿಸಿಡಿ. ಡ್ರಿಲ್ಲಿಗೆ ಬೇರೆ ಸರ್ಕ್ಯೂಟಿನಿಂದ ವಿದ್ಯುತ್ ತೆಗೆದುಕೊಳ್ಳಿ.

ಯಾವ ಆ್ಯಂಕರ್, ಎಷ್ಟು ಉದ್ದ

ಹ್ಯಾಂಗರಿನ ಪೆಟ್ಟಿಗೆಯಲ್ಲಿ ಬರುವುದು ಹೆಚ್ಚಾಗಿ 30 ರಿಂದ 35 ಮಿ.ಮೀ. ಉದ್ದದ ಪ್ಲಾಸ್ಟಿಕ್ ಪ್ಲಗ್ ಮತ್ತು ಅದಕ್ಕೊಪ್ಪುವ ಸ್ಕ್ರೂ. ಗೋಡೆಗೆ ಚಿತ್ರಪಟ ತೂಗುಹಾಕಲು ಅದು ಸಾಕು, ಏಕೆಂದರೆ ಅಲ್ಲಿ ಭಾರ ಸ್ಕ್ರೂವನ್ನು ಅಡ್ಡಲಾಗಿ ಒತ್ತುತ್ತದೆ, ಹೊರಗೆಳೆಯುವುದಿಲ್ಲ. ಚಾವಣಿಯಲ್ಲಿ ಭಾರ ನೇರವಾಗಿ ಹೊರಕ್ಕೇ ಎಳೆಯುತ್ತದೆ, ಅದೂ ದಿನವಿಡೀ. ಪ್ಲಾಸ್ಟಿಕ್ ನಿಲ್ಲುವುದು ರಂಧ್ರದ ಗೋಡೆಯ ಮೇಲಿನ ಘರ್ಷಣೆಯ ಬಲದಿಂದ. ಸತತ ಎಳೆತ ಮತ್ತು ಬಿಸಿಲಿನ ಕಾವಿನಲ್ಲಿ ಅದು ನಿಧಾನವಾಗಿ ಸಡಿಲಗೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಾರೆಯೇ 15 ಮಿ.ಮೀ. ಇದ್ದರೆ 30 ಮಿ.ಮೀ. ಪ್ಲಗ್ಗಿನ ಅರ್ಧ ಭಾಗ ಗಾರೆಯಲ್ಲಿ ಉಳಿಯುತ್ತದೆ. ನಮ್ಮ ಬಾಲ್ಕನಿಯಲ್ಲಿ ಆದದ್ದು ಇದೇ.

ಬದಲಿಗೆ ಬೇಕಾದದ್ದು ಲೋಹದ, ಒಳಗೆ ಅರಳಿ ಕಾಂಕ್ರೀಟನ್ನು ಕಚ್ಚುವ ಆ್ಯಂಕರ್. ಅಂಗಡಿಯಲ್ಲಿ ಆ್ಯಂಕರ್ ಬೋಲ್ಟ್ ಅಥವಾ ಆ್ಯಂಕರ್ ಫಾಸ್ಟನರ್ ಎಂದು ಕೇಳಿದರೆ ಕೊಡುತ್ತಾರೆ. ಇದರಲ್ಲಿ ಮನೆಯ ಕೆಲಸಕ್ಕೆ ನನಗೆ ಹೆಚ್ಚು ಹೊಂದಿದ್ದು ಸ್ಲೀವ್ ಮಾದರಿ. ಬೋಲ್ಟಿನ ಸುತ್ತ ತೆಳ್ಳನೆಯ ಲೋಹದ ಕವಚವಿರುತ್ತದೆ. ನಟ್ ಬಿಗಿದಾಗ ಬೋಲ್ಟಿನ ಕೋನಾಕಾರದ ತುದಿ ಕವಚದೊಳಕ್ಕೆ ಜಗ್ಗಿ ಬಂದು ಅದನ್ನು ಅರಳಿಸುತ್ತದೆ. ಡ್ರಾಪ್-ಇನ್ ಎಂಬ ಇನ್ನೊಂದು ಮಾದರಿ ಚಾವಣಿ ಕೆಲಸಗಾರರಿಗೆ ಪ್ರಿಯವಾದದ್ದು ಮತ್ತು ಬಲವಾದದ್ದೇ, ಆದರೆ ಅದಕ್ಕೆ ರಂಧ್ರದ ಆಳ ಕರಾರುವಾಕ್ಕಾಗಿರಬೇಕು, ಒಳಗೆ ಬಡಿದು ಅರಳಿಸಲು ಅದರದೇ ಕಡ್ಡಿ ಬೇಕು, ಮತ್ತು ಅದು ಕಾಂಕ್ರೀಟಿನ ಮೈಮಟ್ಟಕ್ಕೆ ಕೂರುವಂಥದಾದ್ದರಿಂದ ಗಾರೆಯಿರುವ ಚಾವಣಿಯಲ್ಲಿ ಗಾರೆ ತೆಗೆಯದೆ ಹಾಕುವುದು ತೊಡಕು. ರಾಸಾಯನಿಕ ಅಂಟಿನ ಆ್ಯಂಕರ್ ತಲೆಯ ಮೇಲಿನ ರಂಧ್ರದಿಂದ ತೊಟ್ಟಿಕ್ಕುತ್ತದೆ. ಇಷ್ಟು ಸಣ್ಣ ಭಾರಕ್ಕೆ ಅದು ಅಗತ್ಯವೂ ಅಲ್ಲ.

ಉದ್ದದ ಲೆಕ್ಕದಲ್ಲಿಯೇ ಹೆಚ್ಚಿನವರು ತಪ್ಪುವುದು. ಆ್ಯಂಕರಿನ ಆಳವನ್ನು ಕಾಂಕ್ರೀಟಿನ ಮೈಯಿಂದ ಅಳೆಯಬೇಕು, ಗಾರೆಯ ಮೈಯಿಂದಲ್ಲ. 6 ಮಿ.ಮೀ. ಬೋಲ್ಟಿನ ಆ್ಯಂಕರ್ ಕಾಂಕ್ರೀಟಿನಲ್ಲಿ 40 ಮಿ.ಮೀ. ಹೋಗಬೇಕೆಂದು ಇಟ್ಟುಕೊಳ್ಳೋಣ. ಅದಕ್ಕೆ ಗಾರೆಯ 15, ಬ್ರಾಕೆಟ್ ತಗಡಿನ 2, ವಾಷರ್ ಮತ್ತು ನಟ್ಟಿಗೆ 8 ಕೂಡಿಸಿದರೆ 65 ಮಿ.ಮೀ. ಉದ್ದದ ಬೋಲ್ಟ್ ಬೇಕಾಗುತ್ತದೆ. ಗಾರೆ 25 ಮಿ.ಮೀ. ಇದ್ದರೆ 75. ಗಾರೆಯ ದಪ್ಪ ಗೊತ್ತಿಲ್ಲದಿದ್ದರೆ ಆ್ಯಂಕರ್ ಕೊಳ್ಳುವ ಮೊದಲೇ, ಬ್ರಾಕೆಟ್ ಮುಚ್ಚಿಕೊಳ್ಳುವ ಜಾಗದಲ್ಲಿ ಸಣ್ಣ ಬಿಟ್ಟಿನಿಂದ ಒಂದು ತೂತು ಕೊರೆದು ನೋಡಬೇಕು. ಬಿಟ್ ಗಾರೆಯಲ್ಲಿ ಸರಾಗವಾಗಿ ಹೋಗುತ್ತದೆ, ಪುಡಿ ಮರಳಿನಂತೆ ಉದುರುತ್ತದೆ. ಕಾಂಕ್ರೀಟ್ ತಾಗಿದೊಡನೆ ವೇಗ ಇಳಿಯುತ್ತದೆ, ಸದ್ದು ಗಡಸಾಗುತ್ತದೆ, ಪುಡಿ ನಯವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಆ ಬದಲಾವಣೆಯಾದಾಗ ನಿಲ್ಲಿಸಿ, ತೂತಿನಲ್ಲಿ ಮೊಳೆಯಿಟ್ಟು ಅಳೆದರೆ ಅದೇ ಗಾರೆಯ ದಪ್ಪ.

ಆ್ಯಂಕರಿನ ಸುರಕ್ಷಿತ ಭಾರ ತಯಾರಕರ ಪಟ್ಟಿಯಲ್ಲಿರುತ್ತದೆ. ಅದರಲ್ಲಿ ನೇರ ಹೊರಗೆಳೆತದ ಅಂಕಿಯನ್ನು, ಬಿರುಕುಬಿಟ್ಟ ಕಾಂಕ್ರೀಟಿನ ಸಾಲು ಪ್ರತ್ಯೇಕವಾಗಿ ಇದ್ದರೆ ಆ ಸಾಲನ್ನೇ, ಓದಿ. ಅದು ನಮ್ಮ 90 ಕಿಲೋಗಿಂತ ಹೆಚ್ಚಿರಬೇಕು. ಮುರಿಯುವ ಭಾರದ ಅಂಕಿಯನ್ನು ಸುರಕ್ಷಿತ ಭಾರವೆಂದು ತಪ್ಪಾಗಿ ಓದಬಾರದು. ಬಾಲ್ಕನಿಗೆ ಮಳೆಯ ಇರಚಲು ಬೀಳುವುದರಿಂದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ, ಸಮುದ್ರದ ಗಾಳಿ ಬಡಿಯುವಲ್ಲಿ 316. ಸಾಧಾರಣ ಸತುವಿನ ಲೇಪನದ ಬೋಲ್ಟ್ ಹೊರಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಗುರುತು ಹಾಕುವುದು

ಎರಡು ಬ್ರಾಕೆಟ್‌ಗಳ ನಡುವಿನ ಅಂತರವನ್ನು ಕೊಳವೆಯ ಉದ್ದ ನಿರ್ಧರಿಸುವುದಿಲ್ಲ, ಕೊಳವೆಯಲ್ಲಿ ಹಗ್ಗ ಕಟ್ಟುವ ಎರಡು ಬಿಂದುಗಳ ನಡುವಿನ ದೂರ ನಿರ್ಧರಿಸುತ್ತದೆ. 1.8 ಮೀಟರ್ ಕೊಳವೆಗೆ ತುದಿಯಿಂದ 15 ಸೆಂ.ಮೀ. ಒಳಗೆ ಹಗ್ಗ ಕಟ್ಟಿದರೆ ಆ ದೂರ 1.5 ಮೀಟರ್, ಬ್ರಾಕೆಟ್‌ಗಳ ರಾಟೆಗಳೂ ಅಷ್ಟೇ ದೂರದಲ್ಲಿರಬೇಕು. ಆಗ ಹಗ್ಗ ನೆಟ್ಟಗೆ ಇಳಿಯುತ್ತದೆ. ಓರೆಯಾಗಿ ಇಳಿದರೆ ಅದು ರಾಟೆಯ ಅಂಚನ್ನು ಉಜ್ಜುತ್ತಾ ಕೆಲವೇ ತಿಂಗಳಲ್ಲಿ ಸವೆಯುತ್ತದೆ.

ರಂಧ್ರಗಳು ಸ್ಲ್ಯಾಬಿನ ಹೊರ ಅಂಚಿನಿಂದ ಕನಿಷ್ಠ 10 ಸೆಂ.ಮೀ. ಒಳಗಿರಲಿ. ಆ್ಯಂಕರನ್ನು ಬಲವಾಗಿ ಎಳೆದರೆ ಕಾಂಕ್ರೀಟ್ ಒಂದು ತಲೆಕೆಳಗಾದ ಶಂಕುವಿನಂತೆ ಕಿತ್ತು ಬರಲು ನೋಡುತ್ತದೆ, ಆ ಶಂಕುವಿನ ಅಗಲ ಆಳದ ಸುಮಾರು ಮೂರು ಪಟ್ಟು. 40 ಮಿ.ಮೀ. ಆಳಕ್ಕೆ 120 ಮಿ.ಮೀ. ಅಗಲದ ಶಂಕು ಬೇಕಾಗುವುದರಿಂದ, ಅಂಚು ತೀರಾ ಹತ್ತಿರವಿದ್ದರೂ ಎರಡು ಆ್ಯಂಕರ್‌ಗಳು 120 ಮಿ.ಮೀ.ಗಿಂತ ಹತ್ತಿರವಿದ್ದರೂ ಶಂಕು ಪೂರ್ಣವಾಗದೆ ಬಲ ಕಡಿಮೆಯಾಗುತ್ತದೆ. ಬ್ರಾಕೆಟ್ ಪಟ್ಟಿಯ ಎರಡು ಕೊನೆಯ ತೂತುಗಳು ಇದಕ್ಕಿಂತ ಎಷ್ಟೋ ದೂರವಿರುವುದರಿಂದ ಅವನ್ನೇ ಬಳಸಿ.

ಬಾಗಿಲು ತೆರೆಯುವ ದಾರಿಗೆ ಕೊಳವೆ ಅಡ್ಡ ಬರುತ್ತದೆಯೇ ಎಂಬುದನ್ನು ನೆಲದ ಮೇಲೆಯೇ ಕೊಳವೆಯಿಟ್ಟು ನೋಡಿಕೊಂಡು, ಆಮೇಲೆ ಮೊದಲ ಬ್ರಾಕೆಟ್ಟನ್ನು ಚಾವಣಿಗೆ ಒತ್ತಿಹಿಡಿದು ತೂತುಗಳನ್ನು ಪೆನ್ಸಿಲಿನಿಂದ ಗುರುತಿಸಿ. ಎರಡನೆಯದನ್ನು ಗುರುತಿಸುವಾಗ ಎರಡೂ ತುದಿಗಳಲ್ಲಿ 1.5 ಮೀಟರ್ ಅಳೆಯಿರಿ, ಜೊತೆಗೆ ಮೂಲೆಯಿಂದ ಮೂಲೆಗೆ ಕರ್ಣಗಳನ್ನೂ ಅಳೆಯಿರಿ. ಎರಡು ಕರ್ಣಗಳು ಸಮವಾದರೆ ಬ್ರಾಕೆಟ್‌ಗಳು ಒಂದಕ್ಕೊಂದು ಸರಿಯಾಗಿ ಎದುರಾಗಿವೆ ಎಂದರ್ಥ.

ಕೊರೆಯುವುದು

ಕಾಂಕ್ರೀಟಿಗೆ ಸುತ್ತಿಗೆಯ ಬಡಿತವಿರುವ ರೋಟರಿ ಹ್ಯಾಮರ್ ಬೇಕು. ಸಾಧಾರಣ ಇಂಪ್ಯಾಕ್ಟ್ ಡ್ರಿಲ್ಲಿನಿಂದ ತಲೆಯ ಮೇಲೆ ಕೊರೆಯುವಾಗ ಬಿಟ್ ಅತ್ತಿತ್ತ ಓಲಾಡಿ ರಂಧ್ರ ಅಗಲವಾಗುತ್ತದೆ, ಅಗಲವಾದ ರಂಧ್ರದಲ್ಲಿ ಆ್ಯಂಕರ್ ಕಚ್ಚುವುದಿಲ್ಲ. ರಂಧ್ರದ ವ್ಯಾಸವನ್ನು ಆ್ಯಂಕರಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವಂತೆಯೇ ತೆಗೆದುಕೊಳ್ಳಿ. ನಾನು ಬಳಸಿದ 6 ಮಿ.ಮೀ. ಸ್ಲೀವ್ ಆ್ಯಂಕರಿಗೆ 8 ಮಿ.ಮೀ. ಬಿಟ್ ಬೇಕಿತ್ತು, ಏಕೆಂದರೆ ಕವಚದ ದಪ್ಪವೂ ಸೇರುತ್ತದೆ. ಕೆಲವು ಮಾದರಿಗಳಲ್ಲಿ ಬೋಲ್ಟಿನ ಅಳತೆಯೇ ರಂಧ್ರದ ಅಳತೆ. ಊಹೆಯಿಂದ ಬಿಟ್ ಆರಿಸಬೇಡಿ.

ಬಿಟ್ಟಿನ ತುದಿಯಿಂದ 60 ಮಿ.ಮೀ. ದೂರದಲ್ಲಿ ಬಣ್ಣದ ಟೇಪ್ ಸುತ್ತಿ. ಇದರಲ್ಲಿ 15 ಗಾರೆಗೆ, 40 ಆ್ಯಂಕರಿಗೆ, 5 ಒಳಗೆ ಉಳಿಯುವ ಪುಡಿಗೆ. ಬಾಲ್ಕನಿಯ ಸ್ಲ್ಯಾಬ್ ಸಾಮಾನ್ಯವಾಗಿ 100 ರಿಂದ 150 ಮಿ.ಮೀ. ದಪ್ಪವಿರುತ್ತದೆ; ಕಾಂಕ್ರೀಟಿನೊಳಗೆ 45 ಮಿ.ಮೀ. ಹೋದರೆ ಮೇಲಿನ ಜಲನಿರೋಧಕ ಪದರಕ್ಕೆ ತಾಗುವುದಿಲ್ಲ. ಟೇಪನ್ನು ದಾಟಿ ಕೊರೆಯುವ ಅಭ್ಯಾಸವೇ ಮೇಲಿನ ಮನೆಯವರ ಬಾಲ್ಕನಿಯ ನೀರನ್ನು ನಮ್ಮ ಚಾವಣಿಗೆ ಇಳಿಸುವುದು.

ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಮತ್ತು ಮುಖಕ್ಕೆ ಧೂಳುತಡೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಏಕೆಂದರೆ ಪುಡಿ ನೇರವಾಗಿ ಮುಖದ ಮೇಲೇ ಸುರಿಯುತ್ತದೆ. ಹಳೆಯ ಪ್ಲಾಸ್ಟಿಕ್ ಬಟ್ಟಲಿನ ತಳಕ್ಕೆ ತೂತು ಮಾಡಿ ಬಿಟ್ಟಿಗೆ ಸಿಕ್ಕಿಸಿದರೆ ಬಹುಪಾಲು ಪುಡಿ ಅದರಲ್ಲೇ ಕೂರುತ್ತದೆ. ಬಾಲ್ಕನಿಯ ಕಟಕಟೆಯ ಪಕ್ಕ ಏಣಿ ಹತ್ತಿದಾಗ ಕಟಕಟೆ ನಮ್ಮ ಮೊಣಕಾಲಿನ ಮಟ್ಟಕ್ಕೆ ಬಂದಿರುತ್ತದೆ, ಅದು ನಮ್ಮನ್ನು ತಡೆಯುವುದಿಲ್ಲ ಎಂಬುದನ್ನು ಗಂಭೀರವಾಗಿ ನೆನಪಿಡಿ. ಏಣಿಯನ್ನು ಮನೆಯ ಗೋಡೆಯ ಕಡೆಗೆ ಇಟ್ಟುಕೊಳ್ಳಿ, ಒಬ್ಬರು ಅದನ್ನು ಹಿಡಿದೇ ನಿಂತಿರಲಿ.

ಕೊರೆಯುತ್ತಿರುವಾಗ ಬಿಟ್ ಇದ್ದಕ್ಕಿದ್ದಂತೆ ನಿಂತು, ಲೋಹದ ಕಿರುಗುಟ್ಟುವ ಸದ್ದು ಬಂದು, ಪುಡಿಯಲ್ಲಿ ಹೊಳೆಯುವ ಚೂರುಗಳು ಕಂಡರೆ ಸರಳು ತಾಗಿದೆ. ಸ್ಲ್ಯಾಬಿನ ಕೆಳಪದರದ ಸರಳುಗಳು ಕಾಂಕ್ರೀಟಿನ ಮೈಯಿಂದ 15–20 ಮಿ.ಮೀ. ಒಳಗೇ ಇರುವುದು ಸಾಮಾನ್ಯವಾದ್ದರಿಂದ ಇದು ಅಪರೂಪವೇನಲ್ಲ. ಅದನ್ನು ಕತ್ತರಿಸಿಕೊಂಡು ಹೋಗಬಾರದು. ಸ್ಲ್ಯಾಬಿಗೆ ಬಲ ಕೊಡುವುದೇ ಆ ಸರಳು. ಬಿಟ್ಟುಬಿಟ್ಟ ರಂಧ್ರದ ಆಳದ ಎರಡರಷ್ಟು ದೂರ ಸರಿದು ಹೊಸ ರಂಧ್ರ ಕೊರೆಯಿರಿ. ಕಾಂಕ್ರೀಟಿನೊಳಗೆ 20 ಮಿ.ಮೀ. ಹೋದಾಗ ತಾಗಿದ್ದರೆ 40 ಮಿ.ಮೀ. ಸರಿದರೆ ಸಾಕು. ಇಡೀ ಬ್ರಾಕೆಟ್ಟನ್ನು ಅಷ್ಟು ಸರಿಸಬೇಕಾಗುವುದರಿಂದ, ಪ್ರತಿ ಬ್ರಾಕೆಟ್ಟಿಗೂ ಒಂದು ರಂಧ್ರ ಪೂರ್ತಿಯಾದ ಮೇಲೆ ಬ್ರಾಕೆಟ್ ಹಿಡಿದು ಎರಡನೆಯ ಗುರುತನ್ನು ಮತ್ತೊಮ್ಮೆ ತಾಳೆನೋಡಿ. ಬಿಟ್ಟ ರಂಧ್ರವನ್ನು ಕುಗ್ಗದ ಸಿಮೆಂಟ್ ಗಾರೆಯಿಂದ ತುಂಬಿ, ಇಲ್ಲದಿದ್ದರೆ ತೇವ ನೇರವಾಗಿ ಸರಳಿಗೆ ತಲುಪುತ್ತದೆ.

ಆ್ಯಂಕರ್ ಕೂರಿಸುವುದು

ತಲೆಯ ಮೇಲಿನ ರಂಧ್ರದಿಂದ ಪುಡಿ ತಾನೇ ಉದುರಿಹೋಗುತ್ತದೆ ಎಂದುಕೊಳ್ಳುವುದು ತಪ್ಪು. ನಯವಾದ ಪುಡಿ ರಂಧ್ರದ ಗೋಡೆಗೆ ಮೆತ್ತಿಕೊಂಡಿರುತ್ತದೆ, ಆ್ಯಂಕರ್ ಅರಳಿದಾಗ ಕಾಂಕ್ರೀಟಿನ ಬದಲು ಆ ಪುಡಿಯನ್ನು ಹಿಡಿಯುತ್ತದೆ. ಗಾಳಿ ಊದುವ ಪಂಪಿನಿಂದ ಊದಿ, ಸಣ್ಣ ಬ್ರಷ್ ಆಡಿಸಿ, ಮತ್ತೆ ಊದಿ. ಪುಡಿ ಬರುವುದು ನಿಲ್ಲುವವರೆಗೆ ಹೀಗೆ ಮಾಡಿ.

ಬ್ರಾಕೆಟ್ಟಿನ ತೂತು ಕವಚ ಹಿಡಿಸುವಷ್ಟು ಅಗಲವಿದ್ದರೆ ಬ್ರಾಕೆಟ್ಟನ್ನು ಜಾಗದಲ್ಲಿ ಹಿಡಿದು ಅದರ ಮೂಲಕವೇ ಆ್ಯಂಕರ್ ತೂರಿಸಬಹುದು. ಬೋಲ್ಟಿನಷ್ಟೇ ಅಗಲವಿದ್ದರೆ ಮೊದಲು ಆ್ಯಂಕರನ್ನು ರಂಧ್ರದಲ್ಲಿ ಕೂರಿಸಿ, ನಟ್ ಬಿಚ್ಚಿ, ಬ್ರಾಕೆಟ್ ಏರಿಸಿ, ವಾಷರ್ ಇಟ್ಟು ನಟ್ ಹಾಕಬೇಕು. ಸರಿಯಾದ ರಂಧ್ರದಲ್ಲಿ ಆ್ಯಂಕರ್ ಸುತ್ತಿಗೆಯ ಹಗುರ ಏಟಿಗೆ ಒಳಹೋಗುತ್ತದೆ. ಬೆರಳಿನಿಂದ ಒತ್ತಿದರೇ ಸಲೀಸಾಗಿ ಹೋಗಿ ಜಾರಿ ಹೊರಬಂದರೆ ರಂಧ್ರ ಅಗಲವಾಗಿದೆ, ಆ ರಂಧ್ರವನ್ನು ನಂಬಬೇಡಿ. ಬಡಿಯುವಾಗ ನಟ್ಟನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ಇಟ್ಟುಕೊಂಡರೆ ಬೋಲ್ಟಿನ ತಿರುಪಿನ ಎಳೆಗಳು ಹಾಳಾಗುವುದಿಲ್ಲ.

ಬಿಗಿಯುವುದಕ್ಕೆ ಒಂದು ಹದವಿದೆ. ನಟ್ಟನ್ನು ಬೆರಳಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಅನಂತರ ಸ್ಪ್ಯಾನರಿನಿಂದ ಎರಡು ಮೂರು ಸುತ್ತು. ಆ ಸುತ್ತುಗಳಲ್ಲಿ ಬಿಗಿ ಕ್ರಮೇಣ ಏರುತ್ತಾ ಹೋಗಿ ಕೊನೆಗೆ ಗಟ್ಟಿಯಾಗಿ ನಿಲ್ಲಬೇಕು. ಎಷ್ಟು ತಿರುಗಿಸಿದರೂ ಬಿಗಿ ಏರದೆ ಬೋಲ್ಟ್ ಕೆಳಗೆ ಕೆಳಗೆ ಇಳಿಯುತ್ತಿದ್ದರೆ ಆ್ಯಂಕರ್ ಕಚ್ಚಿಲ್ಲ, ಅದನ್ನು ಹಾಗೇ ಬಿಡುವಂತಿಲ್ಲ. ಗಟ್ಟಿಯಾದ ಮೇಲೂ ಉದ್ದ ಹಿಡಿಯ ಸ್ಪ್ಯಾನರಿನಿಂದ ಜಗ್ಗಿದರೆ ಬ್ರಾಕೆಟ್ ಗಾರೆಯನ್ನು ಪುಡಿಮಾಡುತ್ತದೆ, ಪುಡಿಯಾದ ಗಾರೆ ಉದುರಿದಾಗ ಬಿಗಿ ತಾನಾಗಿ ಸಡಿಲಗೊಳ್ಳುತ್ತದೆ. ಇದನ್ನು ತಪ್ಪಿಸಲು ಅಗಲವಾದ ವಾಷರ್ ಹಾಕುವುದು ಸಾಲದು, ಏಕೆಂದರೆ ಒತ್ತಡ ಬೀಳುವುದು ಬ್ರಾಕೆಟ್ಟಿನ ಹಿಂದುಗಡೆ. ಗಾರೆ 20 ಮಿ.ಮೀ.ಗಿಂತ ದಪ್ಪವಿದ್ದರೆ ಅಥವಾ ಉಗುರಿನಿಂದ ಕೆರೆದರೆ ಉದುರುವಷ್ಟು ಮೆತ್ತಗಿದ್ದರೆ ಬ್ರಾಕೆಟ್ಟಿನ ಅಗಲಕ್ಕೆ ಅದನ್ನು ಕೆತ್ತಿ ತೆಗೆದು, ಕುಗ್ಗದ ಗಾರೆಯಿಂದ ಮಟ್ಟಮಾಡಿ, ಅದು ಚೆನ್ನಾಗಿ ಗಟ್ಟಿಯಾದ ಮೇಲೆ ಬ್ರಾಕೆಟ್ ಕೂರಿಸುವುದೇ ಸರಿ. ಕೆಲಸ ಎರಡು ಮೂರು ದಿನ ತಡವಾಗುತ್ತದೆ, ಆದರೂ ಇದನ್ನು ಬಿಟ್ಟು ಬೇರೆ ಉಪಾಯ ನನಗೆ ಸರಿಕಂಡಿಲ್ಲ.

ಗೋಡೆಯ ಕೊಕ್ಕೆಗೆ ಇಷ್ಟು ಸಿದ್ಧತೆ ಬೇಡ. ಹಗ್ಗಗಳು ಅದನ್ನು ಗೋಡೆಗುಂಟ ಮೇಲಕ್ಕೆ ಎಳೆಯುತ್ತವೆಯೇ ಹೊರತು ಗೋಡೆಯಿಂದ ಹೊರಕ್ಕಲ್ಲ. ಇಲ್ಲಿ ಒಳ್ಳೆಯ ನೈಲಾನ್ ಪ್ಲಗ್ ಸಾಕಾಗುತ್ತದೆ. ನೆಲದಿಂದ 1.4 ಮೀಟರಿಗಿಂತ ಕೆಳಗೆ ಹಾಕಬೇಡಿ. ಕೊಳವೆ ಮೇಲೇರಿದಾಗ ಉಳಿಯುವ ಹಗ್ಗ ಜೋತುಬಿದ್ದು ಕುಣಿಕೆಯಾಗುತ್ತದೆ, ಅದು ಮಗುವಿನ ಕತ್ತಿಗೆ ಎಟುಕುವಂತಿರಬಾರದು. ಉಳಿದ ಹಗ್ಗವನ್ನು ಪ್ರತಿ ಬಾರಿಯೂ ಕೊಕ್ಕೆಗೇ ಸುತ್ತಿಡಬೇಕು.

ಹಗ್ಗ ಪೋಣಿಸುವುದು

ಹಗ್ಗದ ಉದ್ದವನ್ನು ಕೊಳವೆ ಪೂರ್ತಿ ಕೆಳಗಿರುವ ಸ್ಥಿತಿಗೆ ಲೆಕ್ಕಹಾಕಬೇಕು. ಚಾವಣಿ 2.7 ಮೀಟರ್, ಬಟ್ಟೆ ಹರವಲು ಕೊಳವೆ 1.5 ಮೀಟರಿಗೆ ಇಳಿಯಬೇಕು, ಕೊಕ್ಕೆ 1.4 ಮೀಟರಿನಲ್ಲಿ, ಈಚೆ ಬ್ರಾಕೆಟ್ಟಿನ ಬಹುಮಟ್ಟಿಗೆ ನೇರ ಕೆಳಗೆ. ಆಚೆ ಹಗ್ಗಕ್ಕೆ ಕೊಳವೆಯಿಂದ ಚಾವಣಿಗೆ 1.2, ಅಡ್ಡಲಾಗಿ 1.5, ಕೊಕ್ಕೆಗೆ 1.3, ಒಟ್ಟು 4 ಮೀಟರ್. ಈಚೆ ಹಗ್ಗಕ್ಕೆ 1.2 ಮತ್ತು 1.3 ಸೇರಿ 2.5. ಗಂಟುಗಳಿಗೆ ತಲಾ 40 ಸೆಂ.ಮೀ. ಕೂಡಿಸಿದರೆ 4.4 ಮತ್ತು 2.9, ಅಂದರೆ ಒಂದು ಕೊಳವೆಗೆ 7.3 ಮೀಟರ್, ಆರಕ್ಕೆ ಸುಮಾರು 44 ಮೀಟರ್. ಪೆಟ್ಟಿಗೆಯ ಹಗ್ಗ ಇಷ್ಟಿದೆಯೇ ಎಂದು ಕತ್ತರಿಸುವ ಮೊದಲೇ ಅಳೆದುಕೊಳ್ಳಿ. ಹೊಸದಾಗಿ ಕೊಳ್ಳುವುದಾದರೆ ಹೆಣೆದ ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ನೈಲಾನ್ ಒದ್ದೆಯಾದಾಗ ಹಿಗ್ಗುವುದರಿಂದ ಕೊಳವೆ ದಿನಕ್ಕೊಂದು ಓರೆಯಾಗುತ್ತದೆ.

ಗೋಡೆಗೆ ಅತಿ ಹತ್ತಿರದ ಕೊಳವೆಯಿಂದ ಶುರುಮಾಡಿ ಒಂದೊಂದನ್ನೇ ಮುಗಿಸುತ್ತಾ ಬಂದರೆ ಹಗ್ಗಗಳು ಒಂದರ ಮೇಲೊಂದು ಹಾಯುವುದಿಲ್ಲ. ಎರಡು ಹಗ್ಗಗಳನ್ನೂ ಕೊಳವೆಗೆ ಕಟ್ಟಿ, ಕೊಳವೆಯನ್ನು ಎರಡು ಸಮ ಎತ್ತರದ ಕುರ್ಚಿಗಳ ಮೇಲಿಟ್ಟು, ಹಗ್ಗಗಳ ಸಡಿಲ ತೆಗೆದು, ಕೊಕ್ಕೆಯ ಬಳಿ ಎರಡನ್ನೂ ಸೇರಿಸಿ ಒಂದೇ ಗಂಟು ಹಾಕಿದರೆ ಕೊಳವೆ ಸಮಮಟ್ಟದಲ್ಲೇ ಏರುತ್ತದೆ.

ಭಾರ ಹಾಕಿ ನೋಡುವುದು

ಬಟ್ಟೆ ಹಾಕುವ ಮೊದಲು ನೀರಿನಿಂದ ಪರೀಕ್ಷಿಸಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ತಕ್ಕಡಿ ಬೇಕಿಲ್ಲ. ನಮ್ಮ ಲೆಕ್ಕದ 15 ಕಿಲೋದ ಒಂದೂವರೆ ಪಟ್ಟು 22.5, ಕೊಳವೆಗಳೇ 3 ಕಿಲೋ ಇರುವುದರಿಂದ ಲೀಟರಿನ 20 ನೀರಿನ ಬಾಟಲಿಗಳು ಸಾಕು. ಎರಡು ಕೊಳವೆಗಳಿಗೆ ನಾಲ್ಕು ನಾಲ್ಕು, ಉಳಿದ ನಾಲ್ಕಕ್ಕೆ ಮೂರು ಮೂರರಂತೆ ಕೈಚೀಲಗಳಲ್ಲಿ ತೂಗುಹಾಕಿ. ಪ್ರತಿ ಕೊಳವೆಗೆ ತಯಾರಕರು ಹೇಳಿದ ಮಿತಿಯನ್ನು ಇದು ಮೀರದಿರಲಿ. ಆಗ ಈಚೆ ಬ್ರಾಕೆಟ್ ಸುಮಾರು 34 ಕಿಲೋ ಹೊರುತ್ತಿರುತ್ತದೆ. ಕೊಳವೆಗಳನ್ನು ಕೆಳಗಿನ ಸ್ಥಿತಿಯಿಂದ ಒಂದು ಗೇಣಷ್ಟೇ ಎತ್ತಿ ಕಟ್ಟಿದರೆ ಸಾಕು, ಎತ್ತರ ಹೆಚ್ಚಿದರೆ ಬ್ರಾಕೆಟ್ಟಿನ ಭಾರವೇನೂ ಹೆಚ್ಚುವುದಿಲ್ಲ. ಒಂದು ಗಂಟೆ ಹಾಗೆಯೇ ಬಿಡಿ, ಯಾರೂ ಅದರ ಕೆಳಗೆ ಹೋಗದಿರಲಿ.

ಪರೀಕ್ಷೆಗೆ ಮೊದಲೇ ಬ್ರಾಕೆಟ್ಟಿನ ಸುತ್ತ ಚಾವಣಿಯ ಮೇಲೆ ಪೆನ್ಸಿಲಿನಿಂದ ತೆಳುವಾದ ಗೆರೆ ಎಳೆದಿಡಿ, ಮತ್ತು ಪ್ರತಿ ಆ್ಯಂಕರಿನ ಪಕ್ಕದಲ್ಲಿ ಬ್ರಾಕೆಟ್ ಹಾಗೂ ಚಾವಣಿಯ ನಡುವೆ ಒಂದು ಕಾಗದದ ಚೂರನ್ನು ತೂರಿಸಲು ಪ್ರಯತ್ನಿಸಿ ನೋಡಿ. ಗಂಟೆ ಕಳೆದ ಮೇಲೆ ಬ್ರಾಕೆಟ್ ಗೆರೆ ಬಿಟ್ಟು ಸರಿದಿದ್ದರೆ, ಅಥವಾ ಮೊದಲು ಹೋಗದ ಕಾಗದ ಈಗ ಒಳಹೋದರೆ, ಆ್ಯಂಕರ್ ಜಾರಿದೆ. ಭಾರ ಇಳಿಸಿ ನಟ್ಟನ್ನು ಒಮ್ಮೆ ಬಿಗಿದು ಮತ್ತೆ ಪರೀಕ್ಷಿಸಿ. ಎರಡನೆಯ ಬಾರಿಯೂ ಕಾಗದ ಹೋದರೆ ಆ ರಂಧ್ರವನ್ನು ತುಂಬಿ, ಬ್ರಾಕೆಟ್ಟನ್ನು ಹೊಸ ಜಾಗಕ್ಕೆ ಸರಿಸಬೇಕು.

ಇದೇ ಕಾಗದದ ಚೂರು ಮುಂದೆಯೂ ಕೆಲಸಕ್ಕೆ ಬರುತ್ತದೆ. ಮೊದಲ ವಾರದ ಕೊನೆಗೆ ಒಮ್ಮೆ, ಆಮೇಲೆ ಮಳೆಗಾಲಕ್ಕೆ ಮುಂಚೆ ಮತ್ತು ಮುಗಿದ ಮೇಲೆ ಒಂದೊಂದು ಬಾರಿ, ಏಣಿ ಹತ್ತಿ ಈಚೆ ಬ್ರಾಕೆಟ್ಟಿನಿಂದಲೇ ಆರಂಭಿಸಿ ತೂರಿಸಿ ನೋಡಿ. ಬಟ್ಟೆಯ ಮೇಲೆ ಅಥವಾ ನೆಲದ ಮೇಲೆ ಬ್ರಾಕೆಟ್ಟಿನ ನೇರ ಕೆಳಗೆ ಬಿಳಿಯ ಪುಡಿ ಕಂಡ ದಿನ ಮಾತ್ರ ಆ ಸರದಿಗೆ ಕಾಯದೆ, ಕೊಳವೆಗಳನ್ನು ಕೆಳಗಿಳಿಸಿ ಬಟ್ಟೆ ತೆಗೆದು, ಅಂದೇ ಹತ್ತಿ ನೋಡಬೇಕು.